ಇಂಟರ್ನ್‌ಶಿಪ್ ಆಫರ್ ಸಪ್ಪೆ ಅನ್ನಿಸಿದರೆ ಹೇಗೆ ಕೇಳುವುದು?

ಪ್ರಶ್ನೆ: ಸ್ಟೈಪೆಂಡ್ ಕಡಿಮೆ, ವಾರಕ್ಕೆ ಆರು ದಿನ, ದಿನಕ್ಕೆ ಒಂಬತ್ತು ಗಂಟೆ ಆಫೀಸಿಗೇ ಬರಬೇಕಂತೆ. ಕೇಳಿದರೆ ಆಫರ್ ವಾಪಸ್ ತಗೋತಾರಾ?

ಉತ್ತರ: ಸೌಜನ್ಯದಿಂದ ಒಮ್ಮೆ ಕೇಳಿದ್ದಕ್ಕೆ ಆಫರ್ ಕೈತಪ್ಪುವುದು ಅಪರೂಪ. ಒಪ್ಪಿಗೆ ಕೊಡುವ ಮುಂಚೆಯೇ ಕೇಳಿ, ನಂತರ ಕಷ್ಟ.

ಸ್ಟೈಪೆಂಡ್ ಎಷ್ಟೋ ಕಡೆ ಇಡೀ ಬ್ಯಾಚಿಗೆ ಒಂದೇ, ಎಚ್‌ಆರ್‌ನವರು ಒಬ್ಬರಿಗಾಗಿ ಬದಲಿಸಲಾರರು. ಸಮಯ ಹಾಗಲ್ಲ, ಅದನ್ನು ಟೀಮ್ ಮ್ಯಾನೇಜರ್ ಸಡಿಲಿಸಬಹುದು. ನಿಮ್ಮದೇ ಲೆಕ್ಕ ನೋಡಿ: ಈಗ ವಾರಕ್ಕೆ 54 ಗಂಟೆ. ಅದು 40ಕ್ಕೆ ಇಳಿದರೆ, ಸ್ಟೈಪೆಂಡ್ ಅಷ್ಟೇ ಇದ್ದರೂ ಗಂಟೆಗೆ ಸಿಗುವುದು ಶೇ 35ರಷ್ಟು ಹೆಚ್ಚಾಗುತ್ತದೆ. ಹಾಗಾಗಿ ನಾನಾದರೆ ಹೀಗೆ ಬರೆಯುತ್ತೇನೆ:

“ಆಫರ್‌ಗೆ ಧನ್ಯವಾದಗಳು, ಈ ಕೆಲಸ ಮಾಡಲು ನನಗೆ ನಿಜಕ್ಕೂ ಇಷ್ಟ. ಸ್ಟೈಪೆಂಡ್ ಹೆಚ್ಚಿಸಲು ಅವಕಾಶವಿದೆಯೇ? ಇಲ್ಲವಾದರೆ, ವಾರಕ್ಕೆ ಐದು ದಿನ, ಎಂಟು ಗಂಟೆ, ಅದರಲ್ಲಿ ಎರಡು ದಿನ ಮನೆಯಿಂದ ಕೆಲಸ ಮಾಡಬಹುದೇ? ಮೊದಲ ತಿಂಗಳು ಪೂರ್ತಿ ಆಫೀಸಿಗೇ ಬರುತ್ತೇನೆ.”

ಆ ಕೊನೆಯ ವಾಕ್ಯ ಬಿಡಬೇಡಿ. ಹೊಸಬರು ಮನೆಯಲ್ಲಿ ಕೂತು ಕಲಿಯುತ್ತಾರಾ ಎಂಬುದೇ ಮ್ಯಾನೇಜರ್‌ಗಿರುವ ಆತಂಕ. “ಆಮೇಲೆ ನೋಡೋಣ” ಎಂದರೆ ಯಾವಾಗ ಎಂದು ವಿಚಾರಿಸಿ. ಒಪ್ಪಿದರೆ ತಿದ್ದಿದ ಆಫರ್ ಲೆಟರ್ ಅಥವಾ ಇಮೇಲ್ ಬಂದ ಮೇಲೆಯೇ ಸಹಿ ಹಾಕಿ.