ಅನುವಾದವನ್ನು ಜೋರಾಗಿ ಓದುವಾಗ ಕಿವಿ ಎಲ್ಲಿಡಬೇಕು?

«ಕತೆಯ ಅನುವಾದ ಮುಗಿಸಿದೆ. ಜೋರಾಗಿ ಓದಿ ನೋಡು ಅಂತಾರೆ. ಓದಿದೆ, ಎಲ್ಲಾ ಸರಿಯಾಗೇ ಕೇಳಿಸ್ತು. ನಾನು ಏನನ್ನು ಗಮನಿಸಬೇಕು?»

ಸರಿಯಾಗೇ ಕೇಳಿಸುತ್ತೆ, ಯಾಕಂದ್ರೆ ಮೂಲ ಇನ್ನೂ ನಿಮ್ಮ ತಲೆಯಲ್ಲಿದೆ. ಎಲ್ಲಿ ನಿಲ್ಲಬೇಕು ಅಂತ ನಾಲಿಗೆಗೆ ಮೊದಲೇ ಗೊತ್ತು. ಒಂದು ವಾರ ಪಕ್ಕಕ್ಕಿಡಿ. ಆಮೇಲೆ ಮೂಲ ಮುಚ್ಚಿಟ್ಟು, ಪೆನ್ಸಿಲ್ ಹಿಡಿದು ಓದಿ. ತಡವರಿಸಿದ ಕಡೆ ಗೀಟು ಹಾಕಿ ಮುಂದೆ ಹೋಗಿ. ಅಲ್ಲೇ ತಿದ್ದೋಕೆ ಕೂತರೆ ಓಟ ತಪ್ಪುತ್ತದೆ.

ನನ್ನದೇ ಹಳೇ ಕರಡಿನ ಸಾಲು ನೋಡಿ:

«ಮುದುಕನು ತನ್ನ ಬಂಡಿಯನ್ನು ಪಕ್ಕದ ಮನೆಯವನಿಗೆ ಮಾರಿದ್ದನು ಮತ್ತು ಈಗ ಒಂದು ಕಲ್ಲಿನ ಮೇಲೆ ಕುಳಿತು ಕೆರೆಗೆ ಕಲ್ಲುಗಳನ್ನು ಎಸೆಯುತ್ತಿದ್ದ ಒಬ್ಬ ಹುಡುಗನನ್ನು ನೋಡುತ್ತಿದ್ದನು.»

ಕಣ್ಣಿಗೆ ತಪ್ಪೇ ಕಾಣಲಿಲ್ಲ. ಓದಿದಾಗ «ಕಲ್ಲಿನ ಮೇಲೆ ಕುಳಿತು ಕೆರೆಗೆ ಕಲ್ಲುಗಳನ್ನು ಎಸೆಯುತ್ತಿದ್ದ» ಅನ್ನೋವರೆಗೂ ಕಲ್ಲೆಸೆಯುವವನು ಮುದುಕನೇ ಅನ್ನಿಸಿತು! ಹುಡುಗ ಬಂದದ್ದು ಆಮೇಲೆ. ನಡುವೆ ದನಿ ತಬ್ಬಿಬ್ಬಾದರೆ ಸಾಮಾನ್ಯವಾಗಿ ಕಾರಣ ಇದೇ: ಕೆಲಸ ಮೊದಲು ಬಂದು, ಮಾಡಿದವನು ತಡವಾಗಿ ಬರ್ತಾನೆ. ಇನ್ನು «ಕಲ್ಲು» ಎರಡು ಸಲ. ಮೂಲದಲ್ಲಿ ಅವು ಬೇರೆ ಬೇರೆ ಪದ, ಕನ್ನಡಕ್ಕೆ ತರುವಾಗ ನಾನೇ ಒಂದು ಮಾಡಿದ್ದೆ. «ಒಂದು», «ಒಬ್ಬ», «ಮತ್ತು» ಸುಮ್ನೆ ಬಂದು ಕೂತಿದ್ದವು.

«ಮುದುಕ ತನ್ನ ಬಂಡಿಯನ್ನು ಪಕ್ಕದ ಮನೆಯವನಿಗೆ ಮಾರಿದ್ದ. ಈಗ ಬಂಡೆಯ ಮೇಲೆ ಕೂತು, ಹುಡುಗನೊಬ್ಬ ಕೆರೆಗೆ ಕಲ್ಲೆಸೆಯುವುದನ್ನು ನೋಡುತ್ತಿದ್ದ» ಅಂತ ತಿದ್ದಿದೆ. ಮತ್ತೆ ಓದಿದರೆ ಬಂಡಿ, ಬಂಡೆ ಒಂದಕ್ಕೊಂದು ಡಿಕ್ಕಿ! ಬಂಡಿಯನ್ನು ಗಾಡಿ ಮಾಡಿದೆ. ಅದಕ್ಕೇ ತಿದ್ದಿದ ಪ್ಯಾರಾವನ್ನು ಇನ್ನೊಮ್ಮೆ ಓದಲೇಬೇಕು.

«ಉಸಿರು ಸಾಲದಿದ್ದರೆ ವಾಕ್ಯ ಒಡೆಯಿರಿ» ಅಂತ ಕೆಲವರು ಹೇಳ್ತಾರೆ. ಅರ್ಧ ನಿಜ. «ಎದ್ದು, ಮುಖ ತೊಳೆದು, ಬಾಗಿಲು ತೆಗೆದು ಹೊರಗೆ ಬಂದ» ಎಷ್ಟು ಉದ್ದವಾದರೂ ಸಲೀಸಾಗಿ ಹರಿಯುತ್ತೆ. ಅದನ್ನು ನಾಲ್ಕು ತುಂಡು ಮಾಡಿದರೆ ಸಾಲು ಸಾಲಾಗಿ «ದ», «ದ» ಅಂತ ಕುಟ್ಟಿದ ಹಾಗಿರುತ್ತೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಪದ ಮರುಕಳಿಸೋದು ಬೇಗ ಸಿಗುತ್ತೆ.

ಮರುಕಳಿಸಿದ್ದನ್ನೆಲ್ಲ ತೆಗೆಯಬೇಡಿ. ಗೀಟು ಹಾಕಿದ ಕಡೆ ಮೂಲ ತೆರೆದು ನೋಡಿ. ಲೇಖಕರೇ ಬೇಕಂತ ಅದೇ ಪದ ತಂದಿದ್ದರೆ ಇರಲಿ. ಅರ್ಥದ ತಪ್ಪನ್ನು ಕಿವಿ ಹಿಡಿಯೋದಿಲ್ಲ, ನಿರರ್ಗಳವಾದ ತಪ್ಪು ಚೆನ್ನಾಗೇ ಕೇಳಿಸುತ್ತೆ, ಅಲ್ವಾ?

ಬೇರೆಯವರ ಕೈಲಿ ಓದಿಸೋದು ಇನ್ನೂ ಒಳ್ಳೇದು ಅಂತ ನನ್ನ ಗೆಳತಿ ವಾದಿಸ್ತಾಳೆ. ಅವರು ಎಡವಿದ್ದೆಲ್ಲ ನಮ್ಮ ತಪ್ಪಾ, ಅವರ ಓದಿನ ರೂಢಿಯಾ ಅನ್ನೋದು ನನಗಿನ್ನೂ ಬಗೆಹರಿದಿಲ್ಲ.