ಕುಡಿದರೂ ತೂರಾಡದ ಹುಡುಗ

“ನನ್ನ ಮಗನಿಗೆ ಹದಿನಾರು ವರ್ಷ. ನನ್ನ ತಮ್ಮ ಮನೆಗೆ ಬಂದಾಗಲೆಲ್ಲ ಅವನನ್ನು ಜೊತೆಗೆ ಕೂರಿಸಿಕೊಂಡು ಕುಡಿಸುತ್ತಾನೆ. ‘ಹೊರಗೆ ಕದ್ದು ಕುಡಿಯೋದಕ್ಕಿಂತ ನಮ್ಮ ಕಣ್ಣೆದುರೇ ಕಲೀಲಿ’ ಅನ್ನುತ್ತಾನೆ. ಬೇಡ ಅಂದರೆ ಇಬ್ಬರೂ ನಗುತ್ತಾರೆ. ಹೋದ ವಾರ ಎರಡು ಗಂಟೆಯಲ್ಲಿ ನಾಲ್ಕು ದೊಡ್ಡ ಪೆಗ್ ಕುಡಿದರೂ ಹುಡುಗ ತೂರಾಡಲಿಲ್ಲ, ಮಾತೂ ತೊದಲಲಿಲ್ಲ. ನನ್ನ ತಮ್ಮನಿಗಂತೂ ಹೆಮ್ಮೆಯೋ ಹೆಮ್ಮೆ. ಬೆಳಿಗ್ಗೆ ಮಾಮೂಲಿನಂತೆ ಎದ್ದ. ರಾತ್ರಿ ಊಟಕ್ಕೆ ಕೂತಿದ್ದು ಮಾತ್ರ ನೆನಪಿಲ್ಲ ಅಂದ, ಅಷ್ಟೆ. ನಮ್ಮ ಯಜಮಾನರು ಏನೂ ಹೇಳುವುದಿಲ್ಲ. ನಾನೇ ಸುಮ್ಮನೆ ಗಾಬರಿಯಾಗುತ್ತಿದ್ದೇನಾ?”

ಇಲ್ಲ, ನಿಮ್ಮ ಗಾಬರಿಗೆ ಕಾರಣವಿದೆ. ಆದರೆ ಇಡೀ ಪತ್ರದಲ್ಲಿ ಎಲ್ಲಕ್ಕಿಂತ ಗಂಭೀರವಾದ ಮಾತನ್ನು ನೀವು ಕೊನೆಗೆ ‘ಅಷ್ಟೆ’ ಎಂದು ಮುಗಿಸಿಬಿಟ್ಟಿದ್ದೀರಿ. ಊಟಕ್ಕೆ ಕೂತಿದ್ದು ನೆನಪಿಲ್ಲ ಎಂದರೆ ಅವನು ಅದನ್ನು ಮರೆತಿಲ್ಲ. ಮರೆಯಬೇಕಾದರೆ ಮೊದಲು ಅದು ಮಿದುಳಿನಲ್ಲಿ ದಾಖಲಾಗಿರಬೇಕು. ಆ ರಾತ್ರಿ ಆ ಹೊತ್ತಿನದು ದಾಖಲೇ ಆಗಿಲ್ಲ. ವೈದ್ಯರು ಇದನ್ನು ಬ್ಲ್ಯಾಕ್‌ಔಟ್ ಎನ್ನುತ್ತಾರೆ. ಪ್ರಜ್ಞೆ ತಪ್ಪಿ ಬೀಳುವುದು ಬೇರೆ, ಇದು ಬೇರೆ. ಇದರಲ್ಲಿ ಮನುಷ್ಯ ನಡೆಯುತ್ತಾನೆ, ಮಾತಾಡುತ್ತಾನೆ, ಉಣ್ಣುತ್ತಾನೆ. ಕೆಲವು ನಿಮಿಷಗಳ ನೆನಪು ಕೈಯಲ್ಲಿರುವುದರಿಂದ ಕೇಳಿದ್ದಕ್ಕೆ ಸರಿಯಾಗಿ ಉತ್ತರವನ್ನೂ ಕೊಡುತ್ತಾನೆ. ಹಾಗಾಗಿ ಎದುರಿಗೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ.

ಈಗಿನ ಅನುಭವವನ್ನು ನಾಳೆಯ ನೆನಪಾಗಿ ಉಳಿಸುವ ಕೆಲಸ ಮಿದುಳಿನ ಒಳಭಾಗದಲ್ಲಿರುವ ಹಿಪ್ಪೊಕ್ಯಾಂಪಸ್‌ನದು. ಅಲ್ಲಿನ ನರಕೋಶಗಳ ನಡುವಿನ ಸಂಪರ್ಕ ಗಟ್ಟಿಯಾದರೆ ಮಾತ್ರ ಕಲಿತದ್ದು ನಿಲ್ಲುತ್ತದೆ. ಮದ್ಯ ಈ ಗಟ್ಟಿಯಾಗುವ ಕ್ರಿಯೆಯನ್ನೇ ತಡೆಯುತ್ತದೆ. ಪ್ರಾಯಕ್ಕೆ ಬರುತ್ತಿರುವ ಇಲಿಗಳನ್ನೂ ಪೂರ್ತಿ ಬೆಳೆದ ಇಲಿಗಳನ್ನೂ ಹೋಲಿಸಿ ನೋಡಿದ ಪ್ರಯೋಗಗಳಲ್ಲಿ ಎರಡು ಸಂಗತಿ ಕಂಡವು. ಒಂದೇ ಪ್ರಮಾಣದ ಮದ್ಯ ಎಳೆಯ ಇಲಿಗಳ ಕಲಿಕೆಯನ್ನು ಹೆಚ್ಚು ಕೆಡಿಸಿತು. ಆದರೆ ಅವು ತೂರಾಡಿದ್ದು ಕಡಿಮೆ, ನಿದ್ದೆಗೆ ಜಾರಿದ್ದೂ ಕಡಿಮೆ. ಹರೆಯದ ಮಕ್ಕಳಿಗೆ ಇಷ್ಟಿಷ್ಟು ಕುಡಿಸಿ ಪರೀಕ್ಷೆ ಮಾಡಲಾಗದು, ಆದ್ದರಿಂದ ಈ ವಿಷಯದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳನ್ನೇ ಹೆಚ್ಚಾಗಿ ನೆಚ್ಚಬೇಕಾಗಿದೆ. ಆದರೂ ನಿಮ್ಮ ಪತ್ರದಲ್ಲಿರುವ ಚಿತ್ರ ಇದೇ: ಕಾಲು ನೆಟ್ಟಗಿತ್ತು, ನೆನಪು ನಿಂತುಹೋಗಿತ್ತು.

ದೊಡ್ಡವರಿಗೆ ತೂಕಡಿಕೆ ಬಂದು, ಕಾಲು ಸೋತು, ‘ಇನ್ನು ಸಾಕು’ ಎನಿಸುತ್ತದೆ. ಹರೆಯದವರಿಗೆ ಆ ಸೂಚನೆ ತಡವಾಗಿ ಬರುತ್ತದೆ, ಅಷ್ಟು ಹೊತ್ತಿಗೆ ಇನ್ನೆರಡು ಗ್ಲಾಸ್ ಒಳಗೆ ಹೋಗಿರುತ್ತದೆ. ನಿಮ್ಮ ತಮ್ಮ ಹೆಮ್ಮೆಪಟ್ಟ ಆ ‘ತಾಕತ್ತು’ ಇಷ್ಟೇ.

ಲೆಕ್ಕ ಹಾಕಿ ನೋಡೋಣ. ದೊಡ್ಡ ಪೆಗ್ ಎಂದರೆ 60 ಮಿಲಿ. ಶೇಕಡಾ 40ರ ಮದ್ಯವಾದರೆ ಅದರಲ್ಲಿ ಸುಮಾರು 19 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, ನಾಲ್ಕಕ್ಕೆ ಸುಮಾರು 76 ಗ್ರಾಂ. ಹುಡುಗ 52 ಕಿಲೋ ತೂಗುತ್ತಾನೆ ಎಂದುಕೊಳ್ಳಿ. ಎರಡು ಗಂಟೆಯಲ್ಲಿ ದೇಹ ಕರಗಿಸಿದ್ದನ್ನು ಕಳೆದರೂ ಅವನ ರಕ್ತದಲ್ಲಿ 100 ಮಿಲಿಗೆ 190 ಮಿಲಿಗ್ರಾಂ ಆಸುಪಾಸು ಉಳಿಯುತ್ತದೆ. ಅದೇ ನಾಲ್ಕು ಪೆಗ್ 80 ಕಿಲೋ ತೂಕದ ಮಾವನ ರಕ್ತದಲ್ಲಿ 110ರ ಹತ್ತಿರ ನಿಲ್ಲುತ್ತದೆ. ಬ್ಲ್ಯಾಕ್‌ಔಟ್ ಸಾಮಾನ್ಯವಾಗಿ ಶುರುವಾಗುವುದು 160ರ ಸುಮಾರಿಗೆ. ಹೊಟ್ಟೆಯಲ್ಲಿ ಊಟವಿತ್ತೇ, ಎಷ್ಟು ಬೇಗ ಕುಡಿದ ಎನ್ನುವುದರ ಮೇಲೆ ಇದು ಹೆಚ್ಚುಕಡಿಮೆಯಾಗುತ್ತದೆ. ಆದರೂ ಒಂದೇ ಅಳತೆಯ ಗ್ಲಾಸಿನಲ್ಲಿ ಇಬ್ಬರೂ ಒಂದೇ ಸಮ ಕುಡಿಯಲಿಲ್ಲ ಎನ್ನುವುದು ಸ್ಪಷ್ಟ.

ಇನ್ನು ಮಿದುಳಿನ ಬೆಳವಣಿಗೆಯ ಮಾತು. ಹಣೆಯ ಹಿಂದಿನ ಭಾಗ, ಅಂದರೆ ಮುಂದಾಲೋಚನೆ ಮಾಡುವ, ಆಸೆಗೆ ಕಡಿವಾಣ ಹಾಕುವ ಭಾಗ, ಎಲ್ಲಕ್ಕಿಂತ ಕೊನೆಗೆ ಬಲಿಯುತ್ತದೆ. ಇಪ್ಪತ್ತೈದರ ಆಸುಪಾಸಿನವರೆಗೂ ಅಲ್ಲಿ ಕೆಲಸ ನಡೆಯುತ್ತಿರುತ್ತದೆ. ಬೇಡದ ಸಂಪರ್ಕಗಳು ಕಳಚಿಕೊಳ್ಳುತ್ತವೆ, ಬೇಕಾದ ನರತಂತುಗಳಿಗೆ ಕೊಬ್ಬಿನ ಹೊದಿಕೆ ಬಂದು ಸಂದೇಶ ವೇಗವಾಗಿ ಓಡುವಂತಾಗುತ್ತದೆ. ಹರೆಯದವರನ್ನು ಕುಡಿಯಲು ಶುರುಮಾಡುವ ಮೊದಲಿನಿಂದ ವರ್ಷಗಟ್ಟಲೆ ಸ್ಕ್ಯಾನ್ ಮಾಡುತ್ತ ಬಂದ ಅಧ್ಯಯನಗಳಲ್ಲಿ, ಮುಂದೆ ಮಿತಿಮೀರಿ ಕುಡಿದವರ ಮಿದುಳಿನ ಮುಂಭಾಗದಲ್ಲಿ ನರಕೋಶಗಳು ತುಂಬಿರುವ ಬೂದು ದ್ರವ್ಯ ಉಳಿದವರಿಗಿಂತ ಬೇಗ ಕುಗ್ಗಿತು, ಹೊದಿಕೆ ಬಂದ ನರತಂತುಗಳಿರುವ ಬಿಳಿ ದ್ರವ್ಯದ ಬೆಳವಣಿಗೆ ನಿಧಾನವಾಯಿತು. ‘ಸಾಕು’ ಎನ್ನಬೇಕಾದ ಭಾಗ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಅದಕ್ಕೆ ಪೆಟ್ಟು ಬೀಳುತ್ತದೆ. ಅದಕ್ಕೇ ಹದಿನಾರರ ಕುಡಿತವನ್ನು ಮೂವತ್ತರ ಕುಡಿತದ ಜೊತೆ ಹೋಲಿಸಲು ನಾನು ಒಪ್ಪುವುದಿಲ್ಲ.

ಕೋಪ ಬರುವುದು ನಿಮ್ಮ ಮಗನ ಮೇಲಲ್ಲ. ಮಾವ ಸುರಿದುಕೊಟ್ಟರೆ ಯಾವ ಹುಡುಗ ಬೇಡ ಅಂದಾನು? ಕೋಪ ನಿಮ್ಮ ತಮ್ಮನ ಮೇಲೆ, ಅದಕ್ಕಿಂತ ಒಂದು ತೂಕ ಹೆಚ್ಚಾಗಿ ಸುಮ್ಮನೆ ಕೂತ ನಿಮ್ಮ ಯಜಮಾನರ ಮೇಲೆ. ‘ಕಣ್ಣೆದುರೇ ಕಲೀಲಿ’ ಎನ್ನುವುದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಆಸ್ಟ್ರೇಲಿಯಾದಲ್ಲಿ ಸುಮಾರು 1,900 ಮಕ್ಕಳನ್ನು ಆರು ವರ್ಷ ಗಮನಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಹೆತ್ತವರೇ ಮದ್ಯ ಕೊಟ್ಟಿದ್ದರಿಂದ ಮಕ್ಕಳಿಗೆ ಯಾವ ರಕ್ಷಣೆಯೂ ಸಿಗಲಿಲ್ಲ. ಬದಲಿಗೆ ಅಂಥ ಮಕ್ಕಳಲ್ಲಿ ಒಂದೇ ಸಲಕ್ಕೆ ಅತಿಯಾಗಿ ಕುಡಿಯುವುದೂ, ಹೊರಗಿನವರಿಂದ ಮದ್ಯ ಪಡೆಯುವುದೂ ಹೆಚ್ಚಾಗಿತ್ತು.

ನೀವು ಮಾಡಬೇಕಾದ್ದು ಒಂದೇ. ತಮ್ಮ ಮುಂದಿನ ಸಲ ಬರುವ ಮೊದಲೇ ಯಜಮಾನರಿಂದ ಅವನಿಗೆ ಫೋನ್ ಮಾಡಿಸಿ: ‘ಹುಡುಗನಿಗೆ ಇನ್ನು ಒಂದು ಹನಿಯೂ ಇಲ್ಲ. ನೀನು ಬಾ, ಬಾಟಲಿ ತರಬೇಡ.’ ಈ ಮಾತು ನಿಮ್ಮಿಂದ ಹೋದರೆ ಮತ್ತೆ ನಗುತ್ತಾರೆ, ಅಪ್ಪನ ಬಾಯಿಂದಲೇ ಹೋಗಲಿ. ಮಗನಿಗೆ ಉಪದೇಶ ಬೇಡ. ಆ ರಾತ್ರಿ ಕೊನೆಗೆ ನೆನಪಿರುವುದು ಏನು, ಮತ್ತೆ ನೆನಪು ಶುರುವಾಗುವುದು ಎಲ್ಲಿಂದ ಎಂದು ಕೇಳಿ, ನಡುವೆ ಅವನು ಏನೇನು ಮಾಡಿದ, ಏನೇನು ಮಾತಾಡಿದ ಎಂಬುದನ್ನು ಒಂದೊಂದಾಗಿ ಹೇಳಿ. ಬ್ಲ್ಯಾಕ್‌ಔಟ್ ಇದು ಮೊದಲನೆಯದಲ್ಲ ಎಂದು ತಿಳಿದುಬಂದರೆ, ಅಥವಾ ಕುಡಿಯದ ದಿನ ಅವನ ಕೈ ನಡುಗಿ ಬೆವರುತ್ತಿದ್ದರೆ, ಮನೆಮದ್ದಿಗೆ ಕಾಯದೆ ವೈದ್ಯರಿಗೆ ತೋರಿಸಿ.

ಅವನು ಇನ್ನೆಲ್ಲಾದರೂ ಕುಡಿದು ಬಂದ ರಾತ್ರಿ ‘ಮಲಗಿದರೆ ಸರಿಹೋಗುತ್ತೆ’ ಎಂದು ಬಿಡಬೇಡಿ. ಕೊನೆಯ ಗ್ಲಾಸ್ ಮುಗಿದ ಮೇಲೂ ಸ್ವಲ್ಪ ಹೊತ್ತು ರಕ್ತದಲ್ಲಿ ಮದ್ಯ ಏರುತ್ತಲೇ ಇರುತ್ತದೆ. ಕಾಫಿ, ತಣ್ಣೀರ ಸ್ನಾನ ಯಾವುದೂ ಅದನ್ನು ಇಳಿಸುವುದಿಲ್ಲ. ಅಲುಗಾಡಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಅಂತರ ಬಿದ್ದರೆ, ತುಟಿ ನೀಲಿಗಟ್ಟಿ ಮೈ ತಣ್ಣಗಾದರೆ, ತಕ್ಷಣ ಆಂಬ್ಯುಲೆನ್ಸ್ ಕರೆಸಿ. ಅದು ಬರುವವರೆಗೆ ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ವಾಂತಿಯಾದರೆ ಉಸಿರುನಾಳಕ್ಕೆ ಇಳಿಯಬಾರದು. ಪಕ್ಕದಿಂದ ಏಳಬೇಡಿ.