ಹೊಸ ಜಾತಿ-ಆದಾಯ ಪತ್ರ ಮಾಡಿಸ್ಕೊಂಡ್ ಬಂದು ಕೆಲಸ ಕೆಡಿಸ್ಕೋಬೇಡಿ

*ಪ್ರಶ್ನೆ: ಸರ್, ಎಸ್‌ಡಿಎ ಪೋಸ್ಟಿಗೆ 2ಎ ಮೀಸಲಾತೀಲಿ ಸೆಲೆಕ್ಟ್ ಆಗಿದೀನಿ, ಮುಂದಿನ ವಾರ ಸಿಬ್ಬಂದಿ ಶಾಖೆಯಲ್ಲಿ ಮೂಲ ದಾಖಲೆ ಪರಿಶೀಲನೆ. ಜಾತಿ-ಆದಾಯ ಪತ್ರ ಹಳೇದಾಗಿತ್ತು, ಅದಕ್ಕೆ ಹೊಸದು ಮಾಡಿಸಿದೀನಿ. ಇನ್ನೇನೇನು ಒರಿಜಿನಲ್ ತರಬೇಕು?*

ಹಳೇದನ್ನ ಎಲ್ಲಿಟ್ರಿ? ಬಿಸಾಕಿಲ್ಲ ತಾನೆ? ಸಿಬ್ಬಂದಿ ಶಾಖೆ ಟೇಬಲ್ ಹಿಂದೆ ಕೂತು ನಾನು ಅತಿ ಹೆಚ್ಚು ಸಲ ಬೈದಿರೋದು ಇದಕ್ಕೇನೆ. ಹೊಸದಾದ್ರೆ ಒಳ್ಳೇದು ಅಂತ ಅಂದ್ಕೊಂಡು ಬರ್ತಾರೆ, ಆದ್ರೆ ನಮಗೆ ಬೇಕಾಗಿರೋದು ಅರ್ಜಿ ಹಾಕೋ ಕೊನೇ ದಿನಾಂಕದವತ್ತು ನಿಮ್ಮ ಕೈಲಿ ಇದ್ದಂಥ, ಆವತ್ತಿಗೆ ಚಾಲ್ತೀಲಿದ್ದ ಪತ್ರ. ಪರಿಶೀಲನೆ ದಿನದ್ದಲ್ಲ.

ಲೆಕ್ಕ ಹಾಕಿ ನೋಡಿ. ನಿಮ್ಮ ಹಳೇ ಪತ್ರ ಕೊಟ್ಟಿದ್ದು 2019ರ ಜುಲೈ 10 ಅಂತ ಇಟ್ಕೊಳ್ಳಿ, 2ಎಗೆ ಅದು ಐದು ವರ್ಷ ನಡೆಯುತ್ತೆ, ಅಂದ್ರೆ 2024ರ ಜುಲೈ 9ರ ತನಕ. ಅರ್ಜಿಗೆ ಕೊನೇ ದಿನ 2024ರ ಜೂನ್ 28 ಇತ್ತು ಅಂದ್ರೆ ಆವತ್ತಿಗೆ ಪತ್ರ ಜೀವಂತ, ಮುಗೀತು. ನಿಮ್ಮನ್ನ 2025ರಲ್ಲಿ ಕರೆದ್ರೂ ಅದೇ ನಡೆಯುತ್ತೆ. ನೀವೇನ್ ಮಾಡಿದ್ರಿ, 2025ರಲ್ಲಿ ನಾಡಕಚೇರಿಗೆ ಹೋಗಿ ಹೊಸದು ತಗೊಂಡ್ರಿ. ಅದರ ಆರ್‌ಡಿ ನಂಬರ್ ಬೇರೆ, ದಿನಾಂಕ ಕೊನೇ ದಿನ ಆದ್ಮೇಲಿಂದು, ಅರ್ಜೀಲಿ ನೀವು ತುಂಬಿದ್ದು ಹಳೇ ನಂಬರ್. ಕೇಸ್ ವರ್ಕರ್ ಅರ್ಜಿ ಪ್ರಿಂಟ್ ಪಕ್ಕ ಇಟ್ಕೊಂಡು ಮೊದಲು ನೋಡೋದೇ ಆ ನಂಬರು, ತಾಳೆ ಆಗ್ಲಿಲ್ಲ ಅಂದ್ರೆ ಚೆಕ್‌ಲಿಸ್ಟಲ್ಲಿ ಕೆಂಪು ಗುರುತು. ಹಳೇದು ತನ್ನಿ, ಹೊಸದನ್ನ ಅದರ ಹಿಂದೆ ಇಟ್ಕೊಂಡಿರಿ. ಹಳೇದು ಕಳೆದಿದ್ರೆ ಅಳಬೇಡಿ, ಅರ್ಜೀಲಿರೋ ಆರ್‌ಡಿ ನಂಬರ್ ತಗೊಂಡು ನಾಡಕಚೇರೀಲಿ ಅದೇ ಪತ್ರದ ಪ್ರಿಂಟ್ ಕೇಳಿ, ತಹಶೀಲ್ದಾರರ ಡಿಜಿಟಲ್ ಸಹಿ ಇರೋದ್ರಿಂದ ಆ ಪ್ರಿಂಟೇ ಮೂಲ ಪ್ರತಿ ಇದ್ದಂಗೆ.

ಆದ್ರೆ ಹಳೇದರ ಅವಧಿ ಕೊನೇ ದಿನಕ್ಕೆ ಮುಂಚೇನೆ ಮುಗಿದಿದ್ರೆ, ಹೊಸದು ಆಮೇಲೆ ಮಾಡಿಸಿದ್ರೆ, ಮೀಸಲಾತಿ ಹೋಗುತ್ತೆ, ನಿಮ್ಮನ್ನ ಸಾಮಾನ್ಯ ವರ್ಗದಲ್ಲಿ ಇಟ್ಟು ನೋಡ್ತಾರೆ. ಇದಕ್ಕೆ ನನ್ನ ಹತ್ರ ಮದ್ದಿಲ್ಲ.

ಇನ್ನೊಂದು ಎಡವಟ್ಟು ಅಂದ್ರೆ ಬ್ಯಾಂಕ್ ಪರೀಕ್ಷೆಗೆ ಮಾಡಿಸಿದ ಕೇಂದ್ರದ ಒಬಿಸಿ ಪತ್ರ ತರೋದು. ಅದು ಇಲ್ಲಿ ನಡೆಯಲ್ಲ. 2ಎ, 2ಬಿ, 3ಎ, 3ಬಿಗೆ ರಾಜ್ಯದ ನಮೂನೆ-ಎಫ್ ಬೇಕು.

ಉಳಿದ ಒರಿಜಿನಲ್‌ಗಳಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮೊದಲು, ಹುಟ್ಟಿದ ದಿನಾಂಕಕ್ಕೆ ನಾವು ಅದನ್ನೇ ನೋಡೋದು, ಆಧಾರ್ ಅಲ್ಲ. ಆಮೇಲೆ ನಿಮ್ಮ ಹುದ್ದೆಗೆ ಕೇಳಿರೋ ವಿದ್ಯಾರ್ಹತೆಯ ಅಂಕಪಟ್ಟಿಗಳು, ಡಿಗ್ರಿ ಇದ್ರೆ ಅದರ ಎಲ್ಲಾ ಸೆಮಿಸ್ಟರಿಂದು. ಗ್ರಾಮೀಣ ಮೀಸಲಾತಿ ತಗೊಂಡಿದ್ರೆ 1ರಿಂದ 10ನೇ ತರಗತಿ ತನಕ ಓದಿದ ಪ್ರತಿ ಶಾಲೆಯಿಂದ್ಲೂ ಪತ್ರ, ಮುಖ್ಯೋಪಾಧ್ಯಾಯರ ಸಹಿ ಮೇಲೆ ಬಿಇಒ ಮೇಲುಸಹಿ ಇರಲೇಬೇಕು. ಮೂರು ಶಾಲೆ ಬದಲಾಯಿಸಿರೋರು ಎರಡು ಶಾಲೆ ಪತ್ರ ತಂದು ಮೂರನೇದಕ್ಕೆ ಮಧ್ಯಾಹ್ನ ಬಸ್ ಹತ್ತಿರೋದನ್ನ ನೋಡಿದೀನಿ. ಕರೆಪತ್ರ, ಫೋಟೋ, ಎರಡು ಸೆಟ್ ಜೆರಾಕ್ಸ್. ಈಗಾಗ್ಲೇ ಬೇರೆ ಸರ್ಕಾರಿ ಕೆಲಸದಲ್ಲಿದ್ರೆ ಆ ಇಲಾಖೆಯ ಎನ್‌ಒಸಿ.

ಒಂದು ಮಾತು, ಒರಿಜಿನಲ್ ನೋಡಿ ಅವತ್ತೇ ವಾಪಸ್ ಕೊಡ್ತಾರೆ. ಯಾರಾದ್ರೂ "ಇಲ್ಲೇ ಇರಲಿ ಬಿಡಿ" ಅಂದ್ರೆ ಸ್ವೀಕೃತಿ ಬರೆಸ್ಕೊಳ್ದೆ ಟೇಬಲ್ ಬಿಟ್ಟು ಏಳಬೇಡಿ, ಅವರು ಎಷ್ಟೇ ಒಳ್ಳೆಯವರಾಗಿರಲಿ. ಸಿಂಧುತ್ವಕ್ಕೆ ಜಾತಿ ಪರಿಶೀಲನಾ ಸಮಿತಿಗೆ ಕಳ್ಸೋದು ಬೇರೆ ಹಂತ, ಅಲ್ಲಿ ನಿಮ್ಮ ತಂದೆಯವರ ಶಾಲಾ ದಾಖಲೇನೂ ಕೇಳ್ತಾರೆ, ಈಗ್ಲೇ ಹುಡುಕಿಟ್ಕೊಳ್ಳಿ.

*ಪ್ರಶ್ನೆ: ಎಷ್ಟೊತ್ತಿಗೆ ಬಂದ್ರೆ ಆಗುತ್ತೆ? ಮಧ್ಯಾಹ್ನ ಮೂರಕ್ಕೆ?*

ಕಚೇರಿ ಟೈಮ್ 10ರಿಂದ 5.30, ಆದ್ರೆ ಕರೆಪತ್ರದಲ್ಲಿರೋ ಟೈಮೇ ನಿಮ್ಮ ಟೈಮು. ಮೂರಕ್ಕೆ ಬಂದು ಒಂದು ಪತ್ರ ಕಮ್ಮಿ ಬಿದ್ರೆ ತರೋಕೆ ದಿನಾನೇ ಉಳಿದಿರಲ್ಲ. ಎರಡನೇ, ನಾಲ್ಕನೇ ಶನಿವಾರ ರಜಾ, ಆವತ್ತು ಬಂದು ಬೀಗ ನೋಡ್ಕೊಂಡು ಹೋಗೋರು ಈಗ್ಲೂ ಇದಾರೆ.

*ಪ್ರಶ್ನೆ: ಮೊಬೈಲಲ್ಲಿ ಪಿಡಿಎಫ್ ತೋರಿಸಿದ್ರೆ ಸಾಲ್ದಾ?*

ಸಾಲ್ದು.

*ಪ್ರಶ್ನೆ: ಗೇಟ್ ಹತ್ರ ಒಬ್ರು ಎರಡು ಸಾವಿರಕ್ಕೆ "ಫೈಲ್ ಕ್ಲಿಯರ್" ಮಾಡಿಸ್ಕೊಡ್ತೀನಿ ಅಂತಿದಾರೆ, ಕೊಡ್ಲಾ?*

ಅವನು ಮಾಡೋದು ನಿಮ್ಮ ಪೇಪರ್ ಜೋಡಿಸಿ ಟ್ಯಾಗ್ ಕಟ್ಟೋದು ಅಷ್ಟೇ. ಆರ್‌ಡಿ ನಂಬರ್ ಆನ್‌ಲೈನಲ್ಲಿ ನಾವೇ ಚೆಕ್ ಮಾಡ್ತೀವಿ, ಅಲ್ಲಿರೋ ದಿನಾಂಕ ಅವನ ಅಪ್ಪ ಬಂದ್ರೂ ಬದಲಾಗಲ್ಲ. ಟ್ಯಾಗ್ ಜೆರಾಕ್ಸ್ ಅಂಗಡೀಲೇ ಸಿಗುತ್ತೆ.